ಅವಧಿ ಮುಗಿದರೂ ಜಾಗ ಬಿಡದ ಒಟಿಪಿ

ಹಣ ಕಳಿಸುವಾಗ ಮೊಬೈಲಿಗೆ ಬರುವ ಒಟಿಪಿಯ ಆಯಸ್ಸು ಕೆಲವೇ ನಿಮಿಷ. ಇಂಥ ಅಲ್ಪಾಯುಷಿ ಮಾಹಿತಿಯನ್ನು ಇಡಲು ತಂತ್ರಾಂಶ ತಯಾರಕರು ಹೆಚ್ಚಾಗಿ ನೆಚ್ಚಿಕೊಂಡಿರುವುದು ರೆಡಿಸ್ ಎಂಬ ದತ್ತಸಂಗ್ರಹವನ್ನು. ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಹೊರತಂದ ಇದು ಮಾಹಿತಿಯನ್ನು ಕಂಪ್ಯೂಟರಿನ ರ‍್ಯಾಮ್‌ನಲ್ಲೇ ಇಟ್ಟುಕೊಳ್ಳುತ್ತದೆ. ಅದಕ್ಕೇ ಅಷ್ಟು ವೇಗ. ಒಂದು ಕೀ, ಅದಕ್ಕೊಂದು ಮೌಲ್ಯ, ಬೇಕಿದ್ದರೆ ಒಂದು ಆಯಸ್ಸು, ಇಷ್ಟೇ ವ್ಯವಹಾರ.

```
SET otp:4521 830167 EX 300
```

ಇಲ್ಲಿ ಆಯಸ್ಸು 300 ಸೆಕೆಂಡ್. ಹಾಗೆಂದು ರೆಡಿಸ್ 299, 298 ಎಂದು ಎಣಿಸುತ್ತ ಕೂರುವುದಿಲ್ಲ. ಈಗಿನ ಸಮಯಕ್ಕೆ ಐದು ನಿಮಿಷ ಕೂಡಿಸಿ, ಅವಧಿ ಮುಗಿಯುವ ಗಳಿಗೆಯನ್ನು ಬೇರೊಂದು ಪಟ್ಟಿಯಲ್ಲಿ ಬರೆದಿಡುತ್ತದೆ. ಆ ಗಳಿಗೆ ಬಂದಾಗ ಏನಾಗುತ್ತದೆ? ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಒಟಿಪಿ ರ‍್ಯಾಮ್‌ನಲ್ಲಿ ಹಾಗೇ ಬಿದ್ದಿರುತ್ತದೆ.

ಯಾರಾದರೂ ಬಂದು `GET otp:4521` ಎಂದು ಕೇಳಿದಾಗ ಮಾತ್ರ ರೆಡಿಸ್ ಪಟ್ಟಿ ನೋಡುತ್ತದೆ. ಅವಧಿ ಮೀರಿದ್ದರೆ ಆಗಲೇ ಅಳಿಸಿ, ‘ಇಲ್ಲ’ ಎಂದು ಉತ್ತರಿಸುತ್ತದೆ. ಔಷಧಿ ಅಂಗಡಿಯವನು ಗಿರಾಕಿ ಕೇಳಿದ ಮೇಲಷ್ಟೇ ಮಾತ್ರೆಯ ದಿನಾಂಕ ನೋಡಿ ಬುಟ್ಟಿಗೆ ಎಸೆದಂತೆ. ಇದು ಸೋಮಾರಿ ಅಳಿಸುವಿಕೆ. ಕೇಳಿದವರಿಗೆ ಹಳೆಯ ಮಾಲು ಎಂದೂ ಸಿಗುವುದಿಲ್ಲ, ರೆಡಿಸ್‌ಗೆ ಹೆಚ್ಚಿನ ಶ್ರಮವೂ ಇಲ್ಲ. ಆದರೆ ಅವಧಿ ಮುಗಿದ ಒಟಿಪಿಯನ್ನು ಮತ್ತೆ ಕೇಳುವವರು ಯಾರು? ಕೇಳುವವರಿಲ್ಲದ ಕೀ ಇದೊಂದೇ ದಾರಿಯಿಂದ ಎಂದಿಗೂ ಅಳಿಯದು.

ಹಾಗಾಗಿ ಎರಡನೆಯ ದಾರಿಯೂ ಇದೆ. ರೆಡಿಸ್ ಸೆಕೆಂಡಿಗೆ ಹತ್ತು ಬಾರಿ ಕೆಲಸದ ನಡುವೆ ಬಿಡುವು ಮಾಡಿಕೊಂಡು, ಆಯಸ್ಸು ಗೊತ್ತುಮಾಡಿದ ಕೀಗಳಲ್ಲಿ 20ನ್ನು ಕಣ್ಣುಮುಚ್ಚಿ ಎತ್ತಿ ನೋಡುತ್ತದೆ. ಮುಗಿದವನ್ನು ಅಳಿಸುತ್ತದೆ. ಇಪ್ಪತ್ತರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸತ್ತಿದ್ದರೆ ಕಸ ಜಾಸ್ತಿಯಿದೆ ಎಂದು ತಿಳಿದು ಮತ್ತೆ ಇಪ್ಪತ್ತನ್ನು ಎತ್ತುತ್ತದೆ. ಕಡಿಮೆಯಿದ್ದರೆ ಅಲ್ಲಿಗೆ ಬಿಡುತ್ತದೆ. ಇದು 5ನೇ ಆವೃತ್ತಿಯವರೆಗಿನ ಲೆಕ್ಕ. ಚುನಾವಣಾ ಸಮೀಕ್ಷೆಯವರೂ ಮೆಚ್ಚುವಂಥ ಉಪಾಯ.

ಆದರೆ ಸಮೀಕ್ಷೆಗೆ ಅದರದೇ ಮಿತಿಯಿದೆ. ಒಂದು ಕೋಟಿ ಕೀಗಳಿವೆ, ಅವುಗಳಲ್ಲಿ ಹತ್ತು ಲಕ್ಷದ ಅವಧಿ ಮುಗಿದಿದೆ ಎನ್ನಿ. ಅಂದರೆ ನೂರಕ್ಕೆ ಹತ್ತು. ಇಪ್ಪತ್ತು ಎತ್ತಿದರೆ ಸರಾಸರಿ ಎರಡು ಸತ್ತವು ಸಿಗುತ್ತವೆ. ಎರಡು ಎಂದರೆ ಕಾಲು ಭಾಗಕ್ಕಿಂತ ಕಡಿಮೆ, ಆದ್ದರಿಂದ ಆ ಸುತ್ತು ಮುಗಿಯಿತು. ಹತ್ತು ಸುತ್ತಿಗೆ, ಅಂದರೆ ಸೆಕೆಂಡಿಗೆ, ಸುಮಾರು 20 ಕೀ ಅಳಿಯುತ್ತವೆ. ಈ ವೇಗದಲ್ಲಿ ಹತ್ತು ಲಕ್ಷ ಅಳಿಸಲು 50,000 ಸೆಕೆಂಡ್, ಹೆಚ್ಚುಕಡಿಮೆ ಹದಿನಾಲ್ಕು ಗಂಟೆ ಬೇಕು. ಸತ್ತವು ಕಡಿಮೆಯಾದಂತೆ ಕೈಗೆ ಸಿಗುವುದೂ ಅಪರೂಪವಾಗುವುದರಿಂದ ನಿಜಕ್ಕೂ ಇನ್ನೂ ತಡ. 6ನೇ ಆವೃತ್ತಿಯಲ್ಲಿ ಕಾಲು ಭಾಗದ ಮಿತಿಯನ್ನು ಶೇ. 10ಕ್ಕೆ ಇಳಿಸಿ, ಶ್ರಮದ ಮಟ್ಟವನ್ನು 1ರಿಂದ 10ರವರೆಗೆ ಏರಿಸಿಕೊಳ್ಳುವ `active-expire-effort` ಎಂಬ ಸೌಲಭ್ಯ ಕೊಟ್ಟರು.

ಮಟ್ಟ ಏರಿಸಿದಷ್ಟೂ ಒಳ್ಳೆಯದಲ್ಲವೇ ಎಂದರೆ, ಅಲ್ಲ. ರೆಡಿಸ್ ಆಜ್ಞೆಗಳನ್ನು ಒಂದರ ಹಿಂದೊಂದರಂತೆ, ಒಂದೇ ಸಾಲಿನಲ್ಲಿ ನಡೆಸುತ್ತದೆ. ಕಸ ಗುಡಿಸುವಷ್ಟು ಹೊತ್ತು ಗಿರಾಕಿಗಳು ಕಾಯಲೇಬೇಕು. ಆದ್ದರಿಂದಲೇ ಪ್ರತಿ 100 ಮಿಲಿಸೆಕೆಂಡಿನಲ್ಲಿ ಗುಡಿಸಲು ಸುಮಾರು 25 ಮಿಲಿಸೆಕೆಂಡ್ ಮಾತ್ರ ಎಂಬ ಕಡಿವಾಣವಿದೆ. ಈಗ ಒಂದು ಮಾರಾಟ ಜಾಲತಾಣ ಲಕ್ಷಾಂತರ ರಿಯಾಯಿತಿ ದರಗಳಿಗೆ ಒಂದೇ ಮಧ್ಯರಾತ್ರಿಯ ಗಡುವು ಇಟ್ಟಿದೆ ಎಂದುಕೊಳ್ಳಿ. ಹನ್ನೆರಡು ಹೊಡೆದ ಕೂಡಲೇ ಎತ್ತಿದ್ದೆಲ್ಲ ಸತ್ತ ಕೀಗಳೇ; ಸುತ್ತು ನಿಲ್ಲುವುದೇ ಇಲ್ಲ, ಪ್ರತಿ ಬಾರಿಯೂ ಕಡಿವಾಣದವರೆಗೆ ಓಡುತ್ತದೆ. ಒಂದು ಮಿಲಿಸೆಕೆಂಡೂ ಹಿಡಿಯದಿದ್ದ ಉತ್ತರಕ್ಕೆ ಇಪ್ಪತ್ತೈದರವರೆಗೂ ಕಾಯಬೇಕಾಗಬಹುದು. `INFO stats` ಕೊಟ್ಟಾಗ `expired_time_cap_reached_count` ಎಂಬ ಸಂಖ್ಯೆ ಏರುತ್ತಿದ್ದರೆ ಕಾರಣ ಇದೇ.

ಪಕ್ಕದಲ್ಲೇ ಕಾಣುವ `expired_stale_perc` ಇನ್ನೂ ಅಳಿಯದೆ ಉಳಿದಿರುವ ಸತ್ತ ಕೀಗಳ ಅಂದಾಜು ಪ್ರಮಾಣ. ಒಟ್ಟು ಕೀಗಳನ್ನು ಹೇಳುವ `DBSIZE` ಆ ಸತ್ತವನ್ನೂ ಸೇರಿಸಿಯೇ ಎಣಿಸುತ್ತದೆ. ಒಂದು ಕೀ ಸತ್ತಿದೆಯೇ ಎಂದು `TTL` ಕೊಟ್ಟು ವಿಚಾರಿಸಿದರೆ -2 ಎಂಬ ಉತ್ತರ ಬರುತ್ತದೆ. ತಮಾಷೆಯೆಂದರೆ ಆ ವಿಚಾರಣೆಯೇ ಅದನ್ನು ಅಳಿಸಿಹಾಕಿರುತ್ತದೆ. ರ‍್ಯಾಮ್ ತುಂಬಿ ಕಂಗಾಲಾದವರು `SCAN` ಮೂಲಕ ಎಲ್ಲ ಕೀಗಳನ್ನೂ ಒಮ್ಮೆ ಮುಟ್ಟಿಸಿ, ಸೋಮಾರಿ ಅಳಿಸುವಿಕೆಯಿಂದಲೇ ಕಸ ಹೊರಹಾಕಿಸುವುದೂ ಉಂಟು.

ಮಧ್ಯರಾತ್ರಿಯ ಗದ್ದಲಕ್ಕೆ ಮದ್ದು ಸುಲಭ. ಎಲ್ಲ ಕೀಗಳಿಗೂ ಒಂದೇ ಗಡುವು ಕೊಡಬೇಡಿ. ಪ್ರತಿಯೊಂದಕ್ಕೂ ಸೊನ್ನೆಯಿಂದ 600 ಸೆಕೆಂಡಿನೊಳಗೆ ಮನಬಂದಷ್ಟು ಹೆಚ್ಚುವರಿ ಆಯಸ್ಸು ಸೇರಿಸಿ. ಆಗ ಅದೇ ಕಸ ಹತ್ತು ನಿಮಿಷಕ್ಕೆ ಹಂಚಿಹೋಗುತ್ತದೆ.