ತಾರಸಿಯ ಕರೆಂಟಿಗೆ ಎರಡು ಬೆಲೆ

2013ರ ಅಕ್ಟೋಬರ್‌ನಲ್ಲಿ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ತಾರಸಿಯ ಸೌರ ವಿದ್ಯುತ್ತಿಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ನಿಗದಿ ಮಾಡಿತು. ಸಬ್ಸಿಡಿ ಪಡೆದು ಫಲಕ ಹಾಕಿಸಿದವರಿಗೆ 7 ರೂಪಾಯಿ 20 ಪೈಸೆ. ಆಗ ಮನೆಯವರು ಎಸ್ಕಾಂಗೆ ಕಟ್ಟುತ್ತಿದ್ದ ಯೂನಿಟ್ ದರ ಇದಕ್ಕಿಂತ ಕಡಿಮೆಯಿತ್ತು. ಮಾರುವ ಬೆಲೆ ಕೊಳ್ಳುವ ಬೆಲೆಗಿಂತ ಹೆಚ್ಚು! ಆ ದರಕ್ಕೆ ಇಪ್ಪತ್ತೈದು ವರ್ಷದ ಒಪ್ಪಂದ ಮಾಡಿಕೊಂಡ ಮನೆಗಳಲ್ಲಿ ಅನವಶ್ಯಕವಾಗಿ ಉರಿಯುವ ಒಂದು ಫ್ಯಾನು ಆರಿಸಿದರೂ ಮಾಲೀಕರ ಜೇಬಿಗೆ ಲಾಭವೇ.

ಈಗ ಲೆಕ್ಕ ತಿರುಗಿ ನಿಂತಿದೆ. ಫಲಕಗಳು ಅಗ್ಗವಾದಂತೆ ಆಯೋಗ ಖರೀದಿ ದರವನ್ನು ಇಳಿಸುತ್ತಾ ಬಂತು. ಬಳಕೆಯ ದರ ಮಾತ್ರ ಅಷ್ಟು ಇಳಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಮನೆ ಬಳಕೆಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಅದರ ಮೇಲೆ ಪಿಂಚಣಿ ಸರ್‌ಚಾರ್ಜ್ 36 ಪೈಸೆ ಇತ್ತು, ತೆರಿಗೆ ಬೇರೆ. ಹೊಸದಾಗಿ ತಾರಸಿಯಿಂದ ಮಾರುವ ಕರೆಂಟಿಗೆ ಸಿಗುವುದು ಇದರ ಅರ್ಧದ ಆಸುಪಾಸು. ಗ್ರಾಸ್ ಮೀಟರಿಂಗೋ ನೆಟ್ ಮೀಟರಿಂಗೋ ಎಂಬ ಪ್ರಶ್ನೆಗೆ ಇಷ್ಟೊಂದು ತೂಕ ಬಂದಿರುವುದು ಈ ಅಂತರದಿಂದಲೇ.

ಗ್ರಾಸ್ ಪದ್ಧತಿಯಲ್ಲಿ ತಾರಸಿಗೂ ಮನೆಗೂ ಲೆಕ್ಕದಲ್ಲಿ ಸಂಬಂಧವೇ ಇಲ್ಲ. ಫಲಕದ ಕರೆಂಟು ಇನ್ವರ್ಟರ್ ದಾಟಿ, ತನ್ನದೇ ಮೀಟರಿನ ಮೂಲಕ ಪೂರ್ತಿಯಾಗಿ ಎಸ್ಕಾಂ ಲೈನಿಗೆ ಹೋಗುತ್ತದೆ. ಮನೆಗೆ ಬೇಕಾದದ್ದು ಹಳೆಯ ಮೀಟರಿನ ಮೂಲಕ ಒಳಗೆ ಬರುತ್ತದೆ. ಮಾಲೀಕರು ಒಂದು ಕಡೆ ಮಾರಾಟಗಾರರು, ಇನ್ನೊಂದು ಕಡೆ ಎಂದಿನ ಗ್ರಾಹಕರು. ನೆಟ್ ಪದ್ಧತಿಯಲ್ಲಿ ಫಲಕದ ತಂತಿ ಮನೆಯ ವೈರಿಂಗಿಗೇ ಸೇರುತ್ತದೆ. ಹಗಲು ಮನೆಗೆ ಬೇಕಾದಷ್ಟನ್ನು ಮನೆ ಬಳಸಿಕೊಂಡು, ಮಿಕ್ಕಿದ್ದು ಹೊರಗೆ ಹರಿಯುತ್ತದೆ. ಬಂದದ್ದು ಎಷ್ಟು, ಹೋದದ್ದು ಎಷ್ಟು ಎಂದು ಎರಡು ದಿಕ್ಕಿನ ಮೀಟರ್ ಬೇರೆಬೇರೆಯಾಗಿ ಬರೆದಿಡುತ್ತದೆ. ತಿಂಗಳ ಕೊನೆಗೆ ಒಂದರಿಂದ ಇನ್ನೊಂದನ್ನು ಕಳೆದು ಬಿಲ್ ಮಾಡುತ್ತಾರೆ.

ಮೂರು ಕಿಲೋವ್ಯಾಟ್ ಫಲಕ ಹಾಕಿಸಿದ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ತಿಂಗಳಿಗೆ 360 ಆಯಿತು. ಮನೆಯ ಒಟ್ಟು ಬಳಕೆ 300 ಯೂನಿಟ್. ಲೆಕ್ಕ ಸುಲಭವಾಗಲೆಂದು ಕೊಳ್ಳುವ ದರ 6 ರೂಪಾಯಿ, ಮಾರುವ ದರ ಎರಡೂವರೆ ರೂಪಾಯಿ ಎಂದಿಟ್ಟುಕೊಳ್ಳೋಣ. ನಿಗದಿತ ಶುಲ್ಕ ಎರಡೂ ಪದ್ಧತಿಯಲ್ಲಿ ತಪ್ಪುವುದಿಲ್ಲ, ಹಾಗಾಗಿ ಅದನ್ನು ಬಿಟ್ಟುಬಿಡಬಹುದು.

ನೆಟ್ ಮೀಟರಿನಲ್ಲಿ ಬಳಸಿದ 300 ಯೂನಿಟ್ ಪೂರ್ತಿ ವಜಾ ಆಗುತ್ತದೆ, ಉಳಿದದ್ದು 1,800 ರೂಪಾಯಿ. ಹೆಚ್ಚುವರಿ 60 ಯೂನಿಟ್‌ಗೆ 150 ರೂಪಾಯಿ ಸೇರಿ ತಿಂಗಳ ಲಾಭ 1,950. ಗ್ರಾಸ್ ಮೀಟರಿನಲ್ಲಿ ಆ 1,800 ರೂಪಾಯಿ ಬಿಲ್ ಕಟ್ಟಲೇಬೇಕು. ಬದಲಿಗೆ 360 ಯೂನಿಟ್‌ಗೆ 900 ರೂಪಾಯಿ ಕೈಗೆ ಬರುತ್ತದೆ. ಪಿಎಂ ಸೂರ್ಯ ಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿ ಕಳೆದು ಮನೆಯವರಿಗೆ 1 ಲಕ್ಷದ 10 ಸಾವಿರ ಖರ್ಚಾಯಿತು ಎನ್ನಿ. ನೆಟ್‌ನಲ್ಲಿ ಅದು ಐದು ವರ್ಷದೊಳಗೆ ವಾಪಸ್. ಗ್ರಾಸ್‌ನಲ್ಲಿ ಹತ್ತು ವರ್ಷ ದಾಟುತ್ತದೆ.

ಕಾಲ ಕಳೆದಂತೆ ಈ ಅಂತರ ಇನ್ನೂ ಹಿಗ್ಗುವ ಸಾಧ್ಯತೆಯೇ ಹೆಚ್ಚು. ಒಪ್ಪಂದದಲ್ಲಿ ಬರೆದ ಮಾರಾಟ ದರ ಇಪ್ಪತ್ತೈದು ವರ್ಷವೂ ಅಷ್ಟೇ. ಬಳಕೆಯ ದರ ಏರಿದಾಗಲೆಲ್ಲ ನೆಟ್ ಮನೆಯ ಉಳಿತಾಯವೂ ತಾನಾಗಿ ಏರುತ್ತದೆ, ಗ್ರಾಸ್ ಮನೆಯ ಆದಾಯ ಇದ್ದಲ್ಲೇ ಇರುತ್ತದೆ.

ಹಾಗೆಂದು ನೆಟ್ ಮೀಟರ್ ಇದೆಯಲ್ಲ ಎಂದು ತಾರಸಿ ತುಂಬ ಫಲಕ ಹಾಕಿಸಿದರೆ ಕೆಲಸ ಕೆಡುತ್ತದೆ. ಸ್ವಂತ ಬಳಕೆ ಮುಗಿದ ಮರುಯೂನಿಟ್‌ನಿಂದ ನೆಟ್ ಕೂಡ ಗ್ರಾಸ್ ಬೆಲೆಗೇ ಇಳಿಯುತ್ತದೆ. ಮೇಲಿನ ಲೆಕ್ಕದ 60 ಯೂನಿಟ್‌ಗೆ ಸಿಕ್ಕಿದ್ದು ಎರಡೂವರೆ ರೂಪಾಯಿ ಮಾತ್ರ. ಕರ್ನಾಟಕದಲ್ಲಿ ಲೆಕ್ಕ ಆಯಾ ತಿಂಗಳಿಗೇ ಚುಕ್ತಾ ಆಗುವುದರಿಂದ, ಮಾರ್ಚ್‌ನ ಬಿಸಿಲಲ್ಲಿ ಮಿಕ್ಕ ಯೂನಿಟ್ಟನ್ನು ಜುಲೈನ ಮಳೆಗಾಲಕ್ಕೆ ಎತ್ತಿಡಲು ಬರುವುದಿಲ್ಲ. ಮಹಾರಾಷ್ಟ್ರದಲ್ಲಿ ಹಣಕಾಸು ವರ್ಷದ ಕೊನೆಯವರೆಗೆ ಹೀಗೆ ಮುಂದಕ್ಕೆ ಒಯ್ಯಬಹುದು. ಮಲೆನಾಡು, ಕರಾವಳಿಯ ಮನೆಗಳಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಇಷ್ಟಾದರೂ ಗ್ರಾಸ್ ಮೀಟರಿಂಗನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆ ಕಾರಣ ಗೃಹಜ್ಯೋತಿ. ತಿಂಗಳಿಗೆ 150 ಯೂನಿಟ್ ಬಳಸಿ, ಶೂನ್ಯ ಬಿಲ್ ಪಡೆಯುವ ಮನೆಯವರು ಎರಡು ಕಿಲೋವ್ಯಾಟ್ ಹಾಕಿಸಿದರು ಎಂದುಕೊಳ್ಳಿ. ಉತ್ಪಾದನೆ 240 ಯೂನಿಟ್. ನೆಟ್ ಮೀಟರ್ ಆದರೆ 150 ಯೂನಿಟ್ ಬಳಕೆಯಲ್ಲೇ ವಜಾ ಆಗುತ್ತದೆ. ಆದರೆ ಆ 150ಕ್ಕೆ ಅವರು ಮೊದಲೂ ದುಡ್ಡು ಕಟ್ಟುತ್ತಿರಲಿಲ್ಲವಲ್ಲ! ಉಳಿತಾಯವಾದದ್ದು ಸರ್ಕಾರದ ಸಬ್ಸಿಡಿ ಹಣ. ಮನೆಯವರ ಪಾಲಿಗೆ ಬಂದದ್ದು 90 ಯೂನಿಟ್‌ನ 225 ರೂಪಾಯಿ. ಅದೇ ಗ್ರಾಸ್ ಮೀಟರಿನಲ್ಲಿ, ಉಚಿತ ಯೂನಿಟ್ ಹಾಗೇ ಮುಂದುವರಿದರೆ, 240 ಯೂನಿಟ್‌ಗೂ ಸೇರಿ 600 ರೂಪಾಯಿ. ಗೃಹಜ್ಯೋತಿ ಎಷ್ಟು ವರ್ಷ ಇರುತ್ತದೆ ಎಂಬುದರ ಮೇಲೆ ಇಪ್ಪತ್ತೈದು ವರ್ಷದ ಒಪ್ಪಂದ ಕಟ್ಟುವುದು ಜೂಜೇ ಸರಿ. ಸಹಿಗೆ ಮೊದಲು ಉಪವಿಭಾಗ ಕಚೇರಿಯಲ್ಲಿ ಉಚಿತ ಯೂನಿಟ್ ಉಳಿಯುತ್ತದೆಯೇ, ಒಪ್ಪಂದದ ದರ ಎಷ್ಟು ಎಂಬ ಎರಡನ್ನೂ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು. ಬಾಡಿಗೆದಾರರಿಗೆ ಬೇರೆಬೇರೆ ಮೀಟರಿದ್ದು, ತಾರಸಿ ಮಾತ್ರ ಮಾಲೀಕರದ್ದಾಗಿರುವ ಕಟ್ಟಡಗಳಿಗೂ ಗ್ರಾಸ್ ಒಪ್ಪುತ್ತದೆ. ಅಲ್ಲಿ ಮಾಲೀಕರ ಸ್ವಂತ ಬಳಕೆ ಎಂದರೆ ಮೆಟ್ಟಿಲಿನ ದೀಪ, ನೀರಿನ ಮೋಟಾರು ಅಷ್ಟೇ.

ಮೀಟರ್ ಓದುವಾಗ ನೆಟ್ ಮನೆಗಳಲ್ಲಿ ಪದೇಪದೇ ಒಂದು ಗಾಬರಿ ಹುಟ್ಟುತ್ತದೆ. ಇನ್ವರ್ಟರಿನ ಆ್ಯಪ್ 360 ಯೂನಿಟ್ ತೋರಿಸಿದರೆ, ಬಿಲ್ಲಿನ ಎಕ್ಸ್‌ಪೋರ್ಟ್ ಅಂಕಣದಲ್ಲಿ 220 ಇರುತ್ತದೆ. 140 ಯೂನಿಟ್ ಕಳುವಾಯಿತೇ? ಇಲ್ಲ. ಹಗಲು ಫ್ರಿಜ್ಜು, ಮಿಕ್ಸಿ, ಪಂಪು ಅದನ್ನು ಬಳಸಿವೆ. ಹೊರಗೆ ಹೋಗದ ಕರೆಂಟು ಆ ಮೀಟರಿಗೆ ಕಾಣುವುದೇ ಇಲ್ಲ. ರಾತ್ರಿ ಒಳಗೆ ಬಂದ ಇಂಪೋರ್ಟ್ 160ನ್ನು ಈ 140ಕ್ಕೆ ಕೂಡಿಸಿದರೆ ಮನೆಯ ನಿಜವಾದ ಬಳಕೆ, 300 ಯೂನಿಟ್, ಸಿಗುತ್ತದೆ. ಹಳೆಯ ಬಿಲ್ಲುಗಳ ಸರಾಸರಿಗಿಂತ ಈ ಮೊತ್ತ ಬಹಳ ದೂರ ಹೋದರೆ ಮಾತ್ರ ದೂರು ಕೊಡಬೇಕು. ಗ್ರಾಸ್ ಮನೆಯಲ್ಲಿ ತಾಳೆ ನೋಡುವುದು ಸುಲಭ: ಆ್ಯಪಿನ ಅಂಕಿಯೂ ಮಾರಾಟದ ಮೀಟರಿನ ಅಂಕಿಯೂ ಹೆಚ್ಚೂಕಡಿಮೆ ಒಂದೇ ಇರಬೇಕು.

ನಿಜವಾದ ನಷ್ಟ ಆಗುವುದು ಆತುರದಲ್ಲಿ. ಫಲಕ ಕೂರಿಸಿದವರು ಎರಡು ದಿಕ್ಕಿನ ಮೀಟರ್ ಬರುವ ಮೊದಲೇ ಸ್ವಿಚ್ ಹಾಕಿಬಿಡುತ್ತಾರೆ. ಕಳ್ಳತನ ತಡೆಯಲೆಂದೇ ಹಳೆಯ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಹಲವು, ಕರೆಂಟು ಯಾವ ದಿಕ್ಕಿಗೆ ಹರಿದರೂ ಅದನ್ನು ಬಳಕೆ ಎಂದೇ ಎಣಿಸುತ್ತವೆ. ತಾರಸಿಯಿಂದ ಹೊರಗೆ ಹೋದ ಪ್ರತಿ ಯೂನಿಟ್‌ಗೂ ಮಾಲೀಕರೇ ಆರು ರೂಪಾಯಿ ಕಟ್ಟಬೇಕಾಗುತ್ತದೆ. ಎಸ್ಕಾಂ ಸಿಬ್ಬಂದಿ ಹೊಸ ಮೀಟರ್ ಕೂರಿಸಿ, ಅದರ ಆರಂಭದ ಇಂಪೋರ್ಟ್, ಎಕ್ಸ್‌ಪೋರ್ಟ್ ಅಂಕಿಗಳನ್ನು ಬರೆದುಕೊಟ್ಟ ಮೇಲೆಯೇ ಇನ್ವರ್ಟರ್ ಚಾಲೂ ಮಾಡಬೇಕು. ಆ ದಿನ ಮೀಟರಿನ ಪರದೆಯ ಫೋಟೊ ತೆಗೆದಿಟ್ಟುಕೊಂಡರೆ ಮೊದಲ ಬಿಲ್ಲಿನ ತಕರಾರಿಗೆ ಅದೇ ಪುರಾವೆ.