ಕೆಂಪು ಪೆನ್ಸಿಲಿನ ಗೆರೆ

ಅಂಗಡಿಗಳ ಷಟರ್ ಎಳೆದ ಮೇಲೇ ಮಾಮೂಲ್‌ಪೇಟೆಯಲ್ಲಿ ರಾಜ್ಯೋತ್ಸವದ ಸಭೆಗೆ ಜಾಗ ಸಿಗುವುದು. ಫ್ಯಾನ್ಸಿ ಸಾಮಾನಿನ ರಟ್ಟಿನ ಪೆಟ್ಟಿಗೆಗಳನ್ನು ಪಕ್ಕಕ್ಕೆ ಸರಿಸಿ, ಬೀದಿಗೆ ಅಡ್ಡಲಾಗಿ ವೇದಿಕೆ ಹಾಕಿದ್ದಾರೆ. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು, ಅದು ಕಾನೂನು. ಆದರೆ ಸನ್ಮಾನಕ್ಕೆ, ಶಾಲು ಹೊದಿಸುವುದಕ್ಕೆ, ಫೋಟೋಗೆ ಯಾವ ಕಾನೂನೂ ಇಲ್ಲವಲ್ಲ! ಮುಖ್ಯ ಭಾಷಣದ ನಿವೃತ್ತ ಮೇಷ್ಟರಿಗೆ ಮೈಕ್ ಸಿಕ್ಕಾಗ ಗಂಟೆ 9.43.

ಮೇಷ್ಟರ ಕೈಯಲ್ಲಿದ್ದದ್ದು 12 ನಿಮಿಷದ ಬರಹ. ನಾನು ವೇದಿಕೆಯ ಪಕ್ಕದಲ್ಲೇ ಕುಳಿತಿದ್ದರಿಂದ ಹಾಳೆಗಳು ಕಾಣುತ್ತಿದ್ದವು. ಪಿನ್ ಹೊಡೆದಿಲ್ಲ, ಬರೀ ಕ್ಲಿಪ್ಪು. ಒಂದೇ ಮಗ್ಗುಲಲ್ಲಿ ಬರಹ. ಬಿಡಬಹುದಾದ ಭಾಗಕ್ಕೆಲ್ಲ ಕೆಂಪು ಪೆನ್ಸಿಲಿನ ಕಂಸ, ಅಂಚಿನಲ್ಲಿ ಗಡಿಯಾರ ಇಟ್ಟು ಓದಿ ಬರೆದುಕೊಂಡ ನಿಮಿಷ. ಅಂಥ ಪ್ರತಿ ಭಾಗವೂ ಹೊಸ ಹಾಳೆಯ ತಲೆಯಿಂದಲೇ ಶುರು. ಬಿಡಬೇಕಾದರೆ ಕಣ್ಣಿನಿಂದ ಸಾಲು ಹುಡುಕುವ ಕೆಲಸವಿಲ್ಲ, ಹಾಳೆ ಮಗುಚಿದರೆ ಮುಗಿಯಿತು. ಕೊನೆಯ ಹಾಳೆ ಮಾತ್ರ ಹಳದಿ.

ಪೀಠಿಕೆ 2 ನಿಮಿಷ. ದೊಡ್ಡಪೇಟೆ, ಚಿಕ್ಕಪೇಟೆ ಕೂಡುವಲ್ಲಿಂದ ಕೆಂಪೇಗೌಡರು ನಾಲ್ಕು ದಿಕ್ಕಿಗೆ ಎತ್ತು ಹೂಡಿಸಿದರೆಂಬ ಐತಿಹ್ಯ 2. ಬಳೆಪೇಟೆ, ಅಕ್ಕಿಪೇಟೆ, ಅರಳೆಪೇಟೆ ಎಂದು ಕಸುಬಿನ ಜಾಡು ಹಿಡಿಯುವುದು 3. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಪೇಟೆಗೆ ನುಗ್ಗಿದ ಕಥೆ 3. ಇವತ್ತಿನ ಬೀದಿ, ಕನ್ನಡದ ಬೋರ್ಡು 2.

ಎತ್ತಿನ ಕಥೆ ಮುಗಿಯುವಷ್ಟರಲ್ಲಿ ಕಾರ್ಯದರ್ಶಿ ಚೀಟಿ ಇಟ್ಟರು: "ಸಾರ್, ಐದೇ ನಿಮಿಷ." ವಂದನಾರ್ಪಣೆ, ನಾಡಗೀತೆ ಇನ್ನೂ ಬಾಕಿ. ಬರಹದಲ್ಲಿ ಉಳಿದದ್ದು 8 ನಿಮಿಷ. 1791ರ ಹಾಳೆಗಳ ಮೇಲೆ "ಮೊದಲು ಬಿಡುವುದು" ಎಂದು ಮನೆಯಲ್ಲೇ ಗುರುತಾಗಿತ್ತು. ವೇದಿಕೆ ಮೇಲೆ ನಿಂತು ಯಾವುದನ್ನು ಬಿಡಲಿ ಎಂದು ಯೋಚಿಸಿದರೆ ಆ ತಡವರಿಕೆಗೇ ಅರ್ಧ ನಿಮಿಷ. ಮೇಷ್ಟರು ಪೇಟೆಗಳ ಭಾಗ ಓದಿ, ಮುಂದಿನ ಹಾಳೆಗಳನ್ನು ಒಟ್ಟಿಗೆ ಮಗುಚಿ, ಹಳದಿಗೆ ಬಂದರು.

ನಾನು ಕಾಯುತ್ತಿದ್ದದ್ದು ಆ ಹಳದಿ ಹಾಳೆಯ ಮೊದಲ ಸಾಲಿಗೆ. ಕತ್ತರಿ ಬಿದ್ದದ್ದು ಗೊತ್ತಾಗುವುದು ಅಲ್ಲೇ. "ಆ ಯುದ್ಧವಾದ ಮೇಲೂ" ಎಂದು ಶುರುವಾದರೆ, ಯಾವ ಯುದ್ಧ ಎಂದು ಜನ ಮುಖ ಮುಖ ನೋಡಿಕೊಳ್ಳುತ್ತಾರೆ. "ಆಗಲೇ ಹೇಳಿದ ಹಾಗೆ", "ಅದಕ್ಕೇ", "ಅವರ" ಎಂಬ ಪುಟ್ಟ ಮಾತುಗಳೂ ಹೀಗೇ ಅಂತರಪಿಶಾಚಿಗಳಾಗುತ್ತವೆ. ಮೇಷ್ಟರ ಸಾಲು: "ಇಷ್ಟು ಹಳೆಯ ಬೀದಿಯಲ್ಲಿ ಇವತ್ತು ನಡೆದರೆ..." ಯುದ್ಧದ ಕಥೆಗೂ ಹೊಂದುತ್ತದೆ, ಬಳೆಪೇಟೆಗೂ ಹೊಂದುತ್ತದೆ. ಪೀಠಿಕೆಯಲ್ಲಿ "ನಾಲ್ಕು ಸಂಗತಿ ಹೇಳುತ್ತೇನೆ" ಎಂದು ಲೆಕ್ಕ ಕೊಟ್ಟಿರಲೂ ಇಲ್ಲ.

ಒಂದೇ ಒಂದು ಕಡೆ ಈ ಏರ್ಪಾಟು ಸೋಲುತ್ತದೆ. ನಿರೂಪಕರು ಪರಿಚಯ ಮಾಡುವಾಗಲೇ "1791ರ ರೋಚಕ ಕಥೆ ಕೇಳೋಣ" ಎಂದುಬಿಟ್ಟರೆ ಆ ಹಾಳೆ ಬಿಡುವ ಹಾಗಿಲ್ಲ. ಅದಕ್ಕೇ ಮೇಷ್ಟರು ಅವರಿಗೆ ಶೀರ್ಷಿಕೆಯಷ್ಟೇ ಕೊಟ್ಟು, ಬರಹ ತೋರಿಸುವುದೇ ಇಲ್ಲವಂತೆ.

9.52ಕ್ಕೆ ಮೇಷ್ಟರು ಕೈಮುಗಿದರು. ಓದದ ಹಾಳೆಗಳನ್ನು ಕ್ಲಿಪ್ಪಿಗೆ ಸೇರಿಸುತ್ತ ಕಾರ್ಯದರ್ಶಿಯನ್ನು ಕೇಳಿದರು, "ಚಾಮರಾಜಪೇಟೆಯವರು ಇಪ್ಪತ್ತು ನಿಮಿಷ ಕೊಡ್ತೀವಿ ಅಂದಿದಾರೆ. ನಿಜವಾಗ್ಲೂ ಎಷ್ಟು ಕೊಡ್ಬಹುದು ಅಂತೀರಿ?"