ಟವರ್ ಫುಲ್ ಇದೆ, ನೆಟ್ ಬರ್ತಿಲ್ಲ

ತೇರಿನ ದಿನ ಸಂಜೆ ಜಾತ್ರೆಯ ಬಯಲಿನಲ್ಲಿ ಇದು ಮಾಮೂಲಿ ನೋಟ. ಬೆಂಡು-ಬತ್ತಾಸು ಕೊಂಡವರು ಕ್ಯೂಆರ್ ಕೋಡಿಗೆ ಫೋನು ಹಿಡಿದು ನಿಂತಿರುತ್ತಾರೆ, ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತದೆ. “ಟವರ್ ಫುಲ್ ಇದೆ ಅಣ್ಣಾ, ನೆಟ್ ಬರ್ತಿಲ್ಲ” ಅನ್ನುತ್ತಾರೆ. “ಮಧ್ಯಾಹ್ನದಿಂದ ಹಂಗೇ ಅಕ್ಕಾ, ಕಾಲ್ ಮಾತ್ರ ಹೋಗ್ತಾವೆ” ಅನ್ನುತ್ತಾರೆ ಅಂಗಡಿಯವರು. ಫೋನು ಕೆಟ್ಟಿದೆಯೆಂದು ಒಬ್ಬರು, ಸಿಮ್ ಹೋಗಿದೆಯೆಂದು ಇನ್ನೊಬ್ಬರು, ಕಂಪನಿಯವರೇ ಆಫ್ ಮಾಡಿದ್ದಾರೆಂದು ಮತ್ತೊಬ್ಬರು. ಆದರೆ ಅಂಗಡಿಯವರ ಮಾತಿನಲ್ಲೇ ಮುಖ್ಯವಾದ ಸುಳಿವಿದೆ: ಕಾಲ್ ಹೋಗುತ್ತಿದೆ, ಡೇಟಾ ಹೋಗುತ್ತಿಲ್ಲ.

ಮೊದಲು ಆ ಕಡ್ಡಿಗಳ ವಿಷಯ. ಪ್ರತಿ ಟವರೂ ಹಗಲುರಾತ್ರಿ ಒಂದು ಗುರುತಿನ ಸಂಕೇತವನ್ನು ಬಿತ್ತರಿಸುತ್ತಿರುತ್ತದೆ. ಅದು ನಿಮ್ಮ ಫೋನಿಗೆ ಎಷ್ಟು ಗಟ್ಟಿಯಾಗಿ ತಲುಪುತ್ತಿದೆ ಎಂಬುದಷ್ಟೇ ಕಡ್ಡಿಗಳಲ್ಲಿ ಕಾಣುವುದು. ಎಷ್ಟು ಗಟ್ಟಿಯಿದ್ದರೆ ಎಷ್ಟು ಕಡ್ಡಿ ಎಂಬುದಕ್ಕೂ ಎಲ್ಲರಿಗೂ ಒಪ್ಪಿತವಾದ ಅಳತೆಯಿಲ್ಲ. ಫೋನು ತಯಾರಿಸುವವರು ತಮಗೆ ತೋಚಿದಂತೆ ಇಟ್ಟುಕೊಂಡಿದ್ದಾರೆ. ಊಟಕ್ಕೆ ಬನ್ನಿ ಎಂದು ದಾಸೋಹದ ಮೈಕಿನಲ್ಲಿ ಕರೆದರೆ ಇಡೀ ಊರಿಗೆ ಕೇಳುತ್ತದೆ, ಆದರೆ ಪಂಕ್ತಿಯಲ್ಲಿ ಎಷ್ಟು ಎಲೆ ಹಾಕಿದ್ದಾರೆ ಎಂಬುದು ಆ ಕೂಗಿನಿಂದ ತಿಳಿಯುವುದಿಲ್ಲ. ಕಡ್ಡಿ ತೋರಿಸುವುದು ಆ ಕೂಗನ್ನು ಮಾತ್ರ.

ಎಲೆಗಳ ಲೆಕ್ಕ ಹೀಗಿದೆ. 10 ಮೆಗಾಹರ್ಟ್ಸ್ ಅಗಲದ ಒಂದು 4ಜಿ ವಾಹಿನಿಯನ್ನು 50 ತುಂಡುಗಳಾಗಿ ವಿಂಗಡಿಸಿರುತ್ತಾರೆ. ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೊಮ್ಮೆ, ಯಾವ ಫೋನಿಗೆ ಎಷ್ಟು ತುಂಡು ಎಂದು ಟವರು ಹಂಚುತ್ತದೆ. ಇಂಥ ವಾಹಿನಿಯಿಂದ ಜನಸಂದಣಿಯ ಬಯಲಿನಲ್ಲಿ ಸೆಕೆಂಡಿಗೆ 20 ಮೆಗಾಬಿಟ್ ಸಿಗುತ್ತದೆ ಎಂದಿಟ್ಟುಕೊಳ್ಳಿ. ಒಂದೇ ಹೊತ್ತಿಗೆ 200 ಫೋನುಗಳು ಡೇಟಾ ಬೇಡಿದರೆ ತಲೆಗೆ ಬರುವುದು 100 ಕಿಲೋಬಿಟ್. ಅಷ್ಟರಲ್ಲಿ ವಿಡಿಯೋ ಓಡುವುದಿಲ್ಲ, ಫೋಟೋ ತೆವಳುತ್ತದೆ. ತೇರು ಎಳೆಯುವ ಹೊತ್ತಿಗೆ ಬೇಡುವವರು 200 ಜನಕ್ಕೇ ನಿಲ್ಲುವುದೂ ಇಲ್ಲ.

ಆದರೂ ಕಾಲ್ ಹೋಗುತ್ತದೆ. 4ಜಿ ಮೇಲಿನ ಮಾಮೂಲಿ ಕರೆ, ಅಂದರೆ ವೋಲ್ಟೆ, ತಾಂತ್ರಿಕವಾಗಿ ಡೇಟಾ ರೂಪದಲ್ಲೇ ಸಾಗುತ್ತದೆ ನಿಜ. ಆದರೆ ಅದರ ದಾರಿ ಬೇರೆ. ಫೋನು ಜಾಲಕ್ಕೆ ಸೇರಿಕೊಂಡಾಗ ಇಂಟರ್ನೆಟ್ಟಿಗೊಂದು, ಧ್ವನಿಗೊಂದು ಎಂದು ಎರಡು ಪ್ರತ್ಯೇಕ ಸಂಪರ್ಕ ಪಡೆಯುತ್ತದೆ. ಕರೆ ಶುರುವಾದ ಕೂಡಲೇ ಅದಕ್ಕೆ ಖಾತ್ರಿಯ ಪಾಲೊಂದನ್ನು ಟವರು ಎತ್ತಿಡುತ್ತದೆ. ಬ್ರೌಸಿಂಗ್, ವಾಟ್ಸ್ಆ್ಯಪ್, ಯುಪಿಐ ಎಲ್ಲಕ್ಕೂ ಅಂಥ ಖಾತ್ರಿಯಿಲ್ಲ, ಉಳಿದದ್ದನ್ನು ಹಂಚಿಕೊಳ್ಳಬೇಕು. ಎಚ್‌ಡಿ ಗುಣಮಟ್ಟದ ಮಾತಿಗೂ ಸೆಕೆಂಡಿಗೆ ಸುಮಾರು 24 ಕಿಲೋಬಿಟ್ ಸಾಕು. ಹಾಗಾಗಿ ಡೇಟಾ ಉಸಿರು ಕಟ್ಟಿದಾಗಲೂ ಮಾತು ಸಾಗುತ್ತದೆ. ವಾಟ್ಸ್ಆ್ಯಪ್ ಕಾಲ್ ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದು ಮಾತಾದರೂ ಹೋಗುವುದು ಇಂಟರ್ನೆಟ್ಟಿನ ದಾರಿಯಲ್ಲೇ.

ಹಾಗಿದ್ದರೆ ಯುಪಿಐಗೆ ಬೇಕಾದ ಚೂರುಪಾರು ಡೇಟಾ ಕೂಡ ಯಾಕೆ ಸಿಗುವುದಿಲ್ಲ? ಅನೇಕರಿಗೆ ಗೊತ್ತಿಲ್ಲದ ಸಂಗತಿ ಇಲ್ಲಿದೆ. ಸುಮ್ಮನಿದ್ದ ಫೋನು ಏನಾದರೂ ಕಳಿಸಬೇಕಾದರೆ ಮೊದಲು ಟವರಿಗೆ ‘ನನಗೂ ಜಾಗ ಬೇಕು’ ಎಂಬ ಚಿಕ್ಕ ಸನ್ನೆ ಕಳಿಸಬೇಕು. 4ಜಿಯಲ್ಲಿ ಒಂದು ಸೆಲ್ಲಿಗೆ ಇಂಥ ಸನ್ನೆಗಳು 64 ಮಾತ್ರ. ಎರಡು ಫೋನುಗಳು ಒಂದೇ ಗಳಿಗೆಯಲ್ಲಿ ಒಂದೇ ಸನ್ನೆ ಆರಿಸಿಕೊಂಡರೆ ಡಿಕ್ಕಿಯಾಗುತ್ತದೆ. ತುಸು ಕಾದು ಮತ್ತೆ ಯತ್ನಿಸಬೇಕು. ಸಾವಿರಾರು ಫೋನುಗಳಿರುವ ಬಯಲಿನಲ್ಲಿ ಈ ಡಿಕ್ಕಿಗಳೇ ಮುಗಿಯುವುದಿಲ್ಲ. ಕರೆಯೂ ಶುರುವಾಗಲು ಇದೇ ಬಾಗಿಲಲ್ಲಿ ನುಗ್ಗಬೇಕು. ಅದಕ್ಕೇ ನೂಕುನುಗ್ಗಲು ಹೆಚ್ಚಾದಾಗ ಮೊದಲ ಸಲ ಸೇರದ ಕಾಲ್ ಎರಡನೇ ಸಲಕ್ಕೆ ಸೇರುತ್ತದೆ, ಒಮ್ಮೆ ಸೇರಿದ ಮೇಲೆ ಸ್ಪಷ್ಟವಾಗಿ ಕೇಳುತ್ತದೆ. ಇದರ ಜೊತೆಗೆ ಫೋನಿನಿಂದ ಟವರಿಗೆ ಹೋಗುವ ದಾರಿ ಮೊದಲೇ ಇಕ್ಕಟ್ಟಿನದು. ಮಾಮೂಲಿ ದಿನಗಳಲ್ಲಿ ಜನ ನೋಡುವುದೇ ಹೆಚ್ಚು, ಕಳಿಸುವುದು ಕಡಿಮೆ ಎಂದು ಜಾಲವನ್ನು ಹಾಗೆ ಕಟ್ಟಿದ್ದಾರೆ. ತೇರಿನ ಹೊತ್ತಿಗೆ ಎಲ್ಲರೂ ಲೈವ್ ಬಿಡುವವರೇ.

ಪಾವತಿಯ ಸದ್ದು ಹೇಳುವ ಸೌಂಡ್‌ಬಾಕ್ಸಿನೊಳಗೂ ಒಂದು ಸಿಮ್ ಇರುತ್ತದೆ. ಅದೂ ಇದೇ ಗುಂಪಿನಲ್ಲಿ ಸಿಕ್ಕಿಕೊಂಡಿರುತ್ತದೆ. ಗಿರಾಕಿಯ ಖಾತೆಯಿಂದ ಹಣ ಹೋಗಿದ್ದರೂ ಡಬ್ಬಿ ಬಾಯಿ ಬಿಡದಿರಬಹುದು. ಅದು ಸುಮ್ಮನಿದೆ ಎಂದು ಎರಡನೇ ಸಲ ಪಾವತಿಸಬೇಡಿ, ಮೊದಲು ಬ್ಯಾಂಕಿನ ಎಸ್ಸೆಮ್ಮೆಸ್ ನೋಡಿ.

ನೆಟ್ ಸತ್ತಾಗಲೆಲ್ಲ ಜನಸಂದಣಿಯೇ ಕಾರಣ ಎಂದು ಹೇಳಲಾಗುವುದಿಲ್ಲ. ಕಂಡುಹಿಡಿಯಲು ಮೊದಲು ನೋಡಬೇಕಾದದ್ದು ಕಡ್ಡಿಗಳನ್ನಲ್ಲ, ಅವುಗಳ ಪಕ್ಕದ ಅಕ್ಷರವನ್ನು. ಅಲ್ಲಿ `E` ಎಂದಿದ್ದರೆ ಫೋನು 2ಜಿಗೆ ಇಳಿದಿದೆ ಎಂದರ್ಥ. 2ಜಿಯಲ್ಲಿ ಕಡ್ಡಿಗಳು ತುಂಬಿ ತುಳುಕಬಹುದು, ಕರೆ ಚೆನ್ನಾಗಿ ಕೇಳಬಹುದು. ಯುಪಿಐ ಮಾತ್ರ ಕಾದು ಕಾದು ಕೈಬಿಡುತ್ತದೆ. ಹೀಗಾಗಲು ಅನೇಕ ಸಲ ಕಾರಣ ನಾವೇ ಬದಲಿಸಿಟ್ಟ ನೆಟ್‌ವರ್ಕ್ ಮೋಡ್. ಬ್ಯಾಟರಿ ಉಳಿಯಲೆಂದೋ ಕಾಲ್ ಕಟ್ಟಾಗದಿರಲೆಂದೋ ಯಾರೋ 3ಜಿ/2ಜಿ ಎಂದು ಇಟ್ಟಿರುತ್ತಾರೆ. ಏರ್‌ಟೆಲ್ ತನ್ನ 3ಜಿ ಮುಚ್ಚಿದೆ, ಆದ್ದರಿಂದ ಆ ಸಿಮ್‌ಗೆ ಈ ಆಯ್ಕೆ ಕೊಟ್ಟರೆ ಉಳಿಯುವುದು 2ಜಿ ಒಂದೇ. ಜಿಯೋಗೆ 2ಜಿ, 3ಜಿ ಎರಡೂ ಇಲ್ಲವಾದ್ದರಿಂದ ಜಾಲವೇ ಸಿಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ತೆರೆದು, `Preferred network type` ಎಂಬಲ್ಲಿ 5ಜಿ ಅಥವಾ 4ಜಿಯಿಂದ ಶುರುವಾಗಿ ಕೆಳಗಿನವನ್ನೂ ಒಳಗೊಂಡ ಆಟೋ ಆಯ್ಕೆಯನ್ನು ಇಟ್ಟುಕೊಳ್ಳುವುದು ಒಳ್ಳೆಯದು.

`5G` ಎಂಬ ಅಕ್ಷರವನ್ನೂ ಪೂರ್ತಿ ನಂಬುವ ಹಾಗಿಲ್ಲ. 4ಜಿಯ ಆಸರೆಯಲ್ಲಿ ನಡೆಯುವ ಬಗೆಯ 5ಜಿಯಲ್ಲಿ, ಡೇಟಾ ನಿಜವಾಗಿ 4ಜಿಯಲ್ಲೇ ಹೋಗುತ್ತಿದ್ದರೂ ಆ ಗುರುತು ಕಾಣಬಹುದು. ಏರ್‌ಟೆಲ್ 2022ರಲ್ಲಿ ಶುರು ಮಾಡಿದ್ದು ಈ ಬಗೆಯನ್ನೇ. ಹಾಗಾಗಿ ಗುಂಪಿನಲ್ಲಿ 5ಜಿ ನಿಂತುಹೋದಂತೆ ಕಂಡರೆ ಮೋಡನ್ನು 4ಜಿಗೆ ಇಳಿಸಿ ನೋಡಬಹುದು. 4ಜಿಯಲ್ಲಿದ್ದು ನಿಂತಿದ್ದರೆ 5ಜಿಗೆ ಏರಿಸಿಯೂ ನೋಡಬಹುದು. 5ಜಿಯ 3300 ಮೆಗಾಹರ್ಟ್ಸ್ ವಾಹಿನಿ 4ಜಿಯದಕ್ಕಿಂತ ಎಷ್ಟೋ ಅಗಲ. ಅಲ್ಲಿ ಸೇರಿಕೊಂಡರೆ ಪಾಲು ದೊಡ್ಡದು.

ಇದೇ ಕಾರಣಕ್ಕೆ ಇನ್ನೊಂದು ವಿಚಿತ್ರವೂ ನಡೆಯುತ್ತದೆ. 850, 900 ಮೆಗಾಹರ್ಟ್ಸಿನ ಅಲೆಗಳು ಗೋಡೆ ದಾಟಿ ದೂರ ಹೋಗುತ್ತವೆ, ಕಡ್ಡಿಗಳನ್ನು ತುಂಬಿಸುತ್ತವೆ; ಆದರೆ ಆ ವಾಹಿನಿಗಳು ಸಾಮಾನ್ಯವಾಗಿ ಕಿರಿದು. 2300 ಮೆಗಾಹರ್ಟ್ಸಿನದು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ, ಆದರೆ ಅಗಲವಾಗಿದೆ. ಕಲ್ಯಾಣಮಂಟಪದ ಒಳಗೆ ನಾಲ್ಕು ಕಡ್ಡಿಯಿದ್ದೂ ಸುತ್ತುತ್ತಿದ್ದ ಚಕ್ರ, ಹೊರಗೆ ಬಂದು ಎರಡೇ ಕಡ್ಡಿಯಾದಾಗ ಸರಾಗವಾಗಿ ಓಡುವುದುಂಟು.

ಅಕ್ಷರ ಸರಿಯಿದ್ದರೆ ಮುಂದಿನ ಪರೀಕ್ಷೆಗೆ ಒಂದು ಮಾಮೂಲಿ ಕಾಲ್ ಮಾಡಿ ನೋಡಿ. ಕಡ್ಡಿ ತುಂಬಿದ್ದೂ ವೋಲ್ಟೆ ಕಾಲೂ ಹೋಗದೆ ಡೇಟಾವೂ ಹೋಗದೆ ಇದ್ದರೆ, ಟವರಿನಿಂದ ಆಚೆಗೆ ಹೋಗುವ ಫೈಬರ್ ಕಡಿದಿರುವ ಸಂಭವ ಹೆಚ್ಚು. ರಸ್ತೆ ಅಗೆಯುವ ಕಡೆ ಇದು ನಿತ್ಯದ ಕಥೆ. ಬ್ಯಾಟರಿ ಮೇಲೆ ಟವರು ಕೂಗುತ್ತಲೇ ಇರುತ್ತದೆ, ಹಿಂದಿನ ದಾರಿ ಮಾತ್ರ ಬಂದ್. ಇಲ್ಲಿ ನಿಮ್ಮ ಫೋನಿನಲ್ಲಿ ಮಾಡುವುದೇನೂ ಇಲ್ಲ.

ಕಾಲ್ ಹೋಗಿ ಡೇಟಾ ಮಾತ್ರ ಇಲ್ಲದಿದ್ದರೆ, ಜನ ಕಡಿಮೆಯಿರುವ ಬೆಳಗಿನ ಜಾವದಲ್ಲೂ ಹಾಗೇ ಇದೆಯೇ ನೋಡಿ. ಇದ್ದರೆ ದೋಷ ಗುಂಪಿನದಲ್ಲ. ದಿನದ ಡೇಟಾ ಮುಗಿದಿರಬಹುದು. ಹಲವು ಪ್ಯಾಕುಗಳಲ್ಲಿ ಆಮೇಲೆ ವೇಗ 64 ಕಿಲೋಬಿಟ್ಟಿಗೆ ಇಳಿಯುತ್ತದೆ, ಅದು ಸತ್ತ ನೆಟ್ಟಿನಂತೆಯೇ ಕಾಣುತ್ತದೆ. ನಂಬರ್ ಪೋರ್ಟ್ ಮಾಡಿಸಿ ಬೇರೆ ಕಂಪನಿಗೆ ಹೋಗಿದ್ದರೆ ಎಪಿಎನ್ ತಪ್ಪಿರಬಹುದು. ಎಪಿಎನ್ ಎಂದರೆ ಇಂಟರ್ನೆಟ್ಟಿನ ಬಾಗಿಲ ಹೆಸರು: ಜಿಯೋಗೆ `jionet`, ಏರ್‌ಟೆಲ್‌ಗೆ `airtelgprs.com`, ಬಿಎಸ್ಸೆನ್ನೆಲ್‌ಗೆ `bsnlnet`. ಧ್ವನಿಯ ಬಾಗಿಲ ಹೆಸರು ಬೇರೆ, `ims`. ಅದಕ್ಕೇ ಎಪಿಎನ್ ತಪ್ಪಿದ್ದರೂ ಕಾಲ್ ಎಂದಿನಂತೆ ಹೋಗುತ್ತದೆ, ಜನರಿಗೆ ಅನುಮಾನವೇ ಬರುವುದಿಲ್ಲ. ಎರಡು ಸಿಮ್‌ನವರು ಇನ್ನೊಂದನ್ನೂ ಗಮನಿಸಬೇಕು: ಡೇಟಾ ಒಂದು ಸಿಮ್‌ನಲ್ಲಿದ್ದು ಮಾತು ಇನ್ನೊಂದರಲ್ಲಿ ನಡೆಯುವಾಗ, ಹಲವು ಫೋನುಗಳಲ್ಲಿ ಮಾತು ಮುಗಿಯುವವರೆಗೂ ಡೇಟಾ ನಿಲ್ಲುತ್ತದೆ.

ಇನ್ನೂ ಖಚಿತವಾಗಿ ತಿಳಿಯಬೇಕೆಂದರೆ ಹಲವು ಆಂಡ್ರಾಯ್ಡ್ ಫೋನುಗಳಲ್ಲಿ `*#*#4636#*#*` ಒತ್ತಿ, ಫೋನಿನ ಮಾಹಿತಿಯ ಪುಟದಲ್ಲಿ `rsrp` ಮತ್ತು `rsrq` ಎಂಬ ಎರಡು ಅಂಕಿ ನೋಡಿ. ಮೊದಲನೆಯದು ಸಂಕೇತದ ಬಲ. ‑85ರ ಆಸುಪಾಸು ಚೆನ್ನ, ‑110 ದಾಟಿದರೆ ದುರ್ಬಲ. ಎರಡನೆಯದು ಗದ್ದಲದ ನಡುವೆ ಆ ಸಂಕೇತ ಎಷ್ಟು ಶುದ್ಧವಾಗಿದೆ ಎಂಬುದು. ಅದು ‑10ರ ಸುತ್ತ ಇದ್ದರೆ ಚಿಂತೆಯಿಲ್ಲ. ಬಲ ‑85 ಇದ್ದೂ ಶುದ್ಧತೆ ‑15ಕ್ಕಿಂತ ಕೆಳಗೆ ಜಾರಿದ್ದರೆ, ಅಕ್ಕಪಕ್ಕದ ಸೆಲ್ಲುಗಳೆಲ್ಲ ತುಂಬಿ ಒಂದರ ಮೇಲೊಂದು ಕೂಗುತ್ತಿವೆ ಎಂದು ತಿಳಿಯಬಹುದು.

ಏರೋಪ್ಲೇನ್ ಮೋಡ್ ಹಾಕಿ ತೆಗೆಯುವುದು ಬಲ್ಲವರೆಲ್ಲ ಹೇಳುವ ಮದ್ದು. ಇಂಟರ್ನೆಟ್ಟಿನ ಸಂಪರ್ಕ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರೆ ಅದು ಕಡಿದು ಹೊಸದಾಗಿ ಕೂಡುತ್ತದೆ, ಆಗ ನಿಜಕ್ಕೂ ಕೆಲಸ ಮಾಡುತ್ತದೆ. ಗುಂಪಿನಲ್ಲಿ ಒಮ್ಮೆ ಮಾಡಿ ಬಿಟ್ಟುಬಿಡಿ. ಪ್ರತಿ ಸಲವೂ ಫೋನು ಆ 64 ಸನ್ನೆಗಳ ಬಾಗಿಲಿಗೇ ಹೊಸದಾಗಿ ಬಂದು ನಿಲ್ಲುವುದರಿಂದ, ಎಲ್ಲರೂ ಮತ್ತೆ ಮತ್ತೆ ಮಾಡಿದಷ್ಟೂ ನೂಕುನುಗ್ಗಲು ಹೆಚ್ಚುತ್ತದೆ. ಅದಕ್ಕಿಂತ ಬಯಲಿನಿಂದ ಅರ್ಧ ಕಿಲೋಮೀಟರು ದೂರ ನಡೆದರೆ ಬೇರೆ ಟವರು ಸಿಗುವ ಸಾಧ್ಯತೆ ಇದೆ.

ದೊಡ್ಡ ಉತ್ಸವಗಳಿಗೆ ಕಂಪನಿಗಳು ಗಾಡಿಯ ಮೇಲೆ ತಾತ್ಕಾಲಿಕ ಟವರು ತಂದು ನಿಲ್ಲಿಸುವುದುಂಟು. ಅದಕ್ಕೆ ಕರೆಂಟು, ಫೈಬರು ಇಲ್ಲವೇ ಮೈಕ್ರೋವೇವ್ ಕೊಂಡಿ, ನಿಲ್ಲಲು ಜಾಗ ಬೇಕು. ಇವೆಲ್ಲ ಒಂದೆರಡು ದಿನದಲ್ಲಿ ಕೂಡಿಬರುವಂಥವಲ್ಲ, ಜಾತ್ರಾ ಸಮಿತಿಯವರು ಸಾಕಷ್ಟು ಮುಂಚೆಯೇ ಕೇಳಬೇಕು. ಗಾಡಿ ಬಾರದ ಊರುಗಳಲ್ಲಿ ಅಂಗಡಿಯವರು ಬೇರೆ ಕಂಪನಿಯ ಎರಡನೇ ಸಿಮ್ ಇಟ್ಟುಕೊಳ್ಳುವುದು ಮೇಲು. ಗಿರಾಕಿಗಳಿಗೆ ಇನ್ನೊಂದು ದಾರಿಯೂ ಇದೆ: 2022ರ ಮಾರ್ಚಿನಲ್ಲಿ ಶುರುವಾದ ಯುಪಿಐ 123ಪೇ. ಅದರಲ್ಲಿ ಹಣ ಹೋಗುವುದು ಮಾಮೂಲಿ ಕರೆಯ ಮೂಲಕ. ನಂಬರಿಗೆ ಕಾಲ್ ಮಾಡಿ, ಕೇಳಿದ್ದಕ್ಕೆ ಕೀಲಿ ಒತ್ತಿ, ಪಿನ್ ಹಾಕಿದರೆ ಆಯಿತು. ನೋಂದಣಿಯನ್ನು ಮಾತ್ರ ಮನೆಯಿಂದ ಹೊರಡುವ ಮೊದಲೇ ಮಾಡಿಟ್ಟುಕೊಂಡಿರಬೇಕು.